ಬಸ್ಸಿನ ಮೇಲೆ ಹಾಕದ ತಪ್ಪು

ಪುತ್ತೂರಿನ ನಮ್ಮ ಆಫೀಸಿನಲ್ಲಿ ತಡವಾಗಿ ಬಂದವರೆಲ್ಲ ಬಸ್ಸನ್ನು ಬೈಯುತ್ತಿದ್ದರು. ನಾನು ಬೈಯಲಿಲ್ಲ. ನಮ್ಮೂರು ಐವರ್ನಾಡಿನ ಬಸ್ಸು ಸಮಯಕ್ಕೆ ಸರಿಯಾಗಿಯೇ ಬರುತ್ತಿತ್ತು. ಹತ್ತುವುದಕ್ಕೆ ನಾನೇ ಇರುತ್ತಿರಲಿಲ್ಲ.

ತೋಟದ ಪಂಪು, ಸ್ಪ್ರೇಯರ್ ಮಾರುವ ಕಂಪೆನಿ ಅದು. ಗ್ರಾಹಕರ ದೂರು ಬರೆದುಕೊಂಡು ಮೆಕ್ಯಾನಿಕ್‌ಗಳನ್ನು ಕಳುಹಿಸುವ ಕೆಲಸ ನನ್ನದು. ಒಂಬತ್ತೂವರೆಗೆ ಹಾಜರಿ ಮೆಷಿನಿಗೆ ಬೆರಳೊತ್ತಬೇಕು. ಅಪ್ಪನ ಭುಜ ಏಳದಂತಾದ ಮೇಲೆ ಮನೆಯ ರಬ್ಬರ್ ಟ್ಯಾಪಿಂಗ್ ನನ್ನ ಪಾಲಿಗೆ ಬಂದಿತ್ತು. ಮರ ಗೀರಿದ ಮೇಲೆ ಹಾಲು ಇಳಿದು ನಿಲ್ಲಲು ಎರಡು ಮೂರು ಗಂಟೆ. ಅದನ್ನು ಒಟ್ಟುಮಾಡಿ, ಆಸಿಡ್ ಬೆರೆಸಿ, ಹೆಪ್ಪುಗಟ್ಟಲು ತಟ್ಟೆಗೆ ಹೊಯ್ದೇ ಹೊರಡಬೇಕು. ಟ್ಯಾಪಿಂಗ್ ದಿನ ಬಿಟ್ಟು ದಿನ. ನನ್ನ ತಡವೂ ದಿನ ಬಿಟ್ಟು ದಿನ.

ಕೊನೆಗೆ ಮ್ಯಾನೇಜರರ ಮೇಲ್ ಬಂತು. ತಿಂಗಳಲ್ಲಿ ಹನ್ನೊಂದು ದಿನ ತಡ, ಕಾರಣ ತಿಳಿಸಿ, ಇಲ್ಲವಾದರೆ ಕೆಲಸ ಮುಂದುವರಿಸುವುದು ಕಷ್ಟ.

"ಬಸ್ಸು ಹಾಳಾಯ್ತು ಅಂತ ಬರಿ ಮಾರಾಯ್ತಿ" ಎಂದಳು ಪಕ್ಕದ ಮೇಜಿನವಳು.

"ಹನ್ನೊಂದು ಸಲವಾ? ಡ್ರೈವರ್ ನನ್ನ ಮೇಲೆ ಕೇಸು ಹಾಕಿಯಾನು."

ನಾನು ಬರೆದದ್ದು ಇಷ್ಟು: "ತಡವಾದದ್ದು ನಿಜ. ಮನೆಯಲ್ಲಿ ರಬ್ಬರ್ ಟ್ಯಾಪಿಂಗ್ ನಾನೇ ಮಾಡುತ್ತೇನೆ. ಇನ್ನು ಹಾಗಾಗುವುದಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಟ್ಯಾಪಿಂಗ್ ದಿನ ಹತ್ತೂವರೆಯಿಂದ ಆರೂವರೆವರೆಗೆ ಕೆಲಸ ಮಾಡಲು ಅನುಮತಿ ಕೊಡಿ. ಐದೂವರೆ ಕಳೆದು ಬರುವ ಕರೆಗಳನ್ನು ಈಗ ಯಾರೂ ಎತ್ತುತ್ತಿಲ್ಲ. ಅವನ್ನು ನಾನು ನೋಡಿಕೊಳ್ಳುತ್ತೇನೆ. ಒಂದು ತಿಂಗಳು ಪರೀಕ್ಷಿಸಿ."

ಅರ್ಧ ಗಂಟೆಯಲ್ಲಿ ಒಳಗೆ ಕರೆದರು.

"ಎಂತ ಇದು, ರಜೆ ಅರ್ಜಿಯಾ, ಕಾಲೇಜಿನ ಡಿಬೇಟಾ?"

"ಡಿಬೇಟಾದ್ರೆ ಮೊದಲು ಶುರು ಮಾಡಿದ್ದು ನೀವು, ಸರ್."

ಅವರು ನಕ್ಕರು. ದನಿ ತಗ್ಗಿಸಿದರು. "ನೋಡಿ, ನೀವು ತಡವಾಗಿ ಬನ್ನಿ, ನಾನು ಕಾಣದ ಹಾಗೆ ಇರ್ತೇನೆ. ಈ ಮೇಲ್ ಒಂದು ವಾಪಸು ತಗೊಳ್ಳಿ. ಇದು ಮಂಗಳೂರಿನ ಹೆಡ್ಡಾಫೀಸಿಗೆ ಹೋದ್ರೆ ನಾಳೆ ಎಲ್ಲರೂ ತೋಟದ ಕತೆ ಹೇಳ್ತಾರೆ."

ಕೇಳಲು ಸುಖವಾದ ಮಾತು. ಆದರೆ ಕಾಣದ ಹಾಗಿರುವವರು ಬೇಕೆಂದಾಗ ಕಾಣಲೂಬಹುದು. ಅವರಿಗೆ ಸಿಟ್ಟು ಬಂದ ದಿನ ನನ್ನ ಕೆಲಸ ಹೋಗುತ್ತಿತ್ತು. ಅದಕ್ಕೂ ಮೊದಲು, ಅವರ ಮುಖ ನೋಡಿ ಒಳಗೆ ಬರುವ ಅಭ್ಯಾಸ ನನಗಾಗುತ್ತಿತ್ತು.

"ದಯೆ ಬೇಡ ಸರ್. ಸಮಯ ಕೊಡಿ, ಬರೆದು ಕೊಡಿ."

"ಕೊಡದಿದ್ರೆ?"

"ಆಗ ಆಗುದಿಲ್ಲ ಅಂತ ಬರೀರಿ. ನಾನು ಬೇರೆ ಕೆಲಸ ಹುಡುಕ್ತೇನೆ."

ಅದು ಬರೀ ಬಾಯಿಮಾತಲ್ಲ.

ಮರುದಿನ ಉತ್ತರ ಬಂತು, ಮಂಗಳೂರಿಗೂ ಪ್ರತಿ ಹೋಗಿತ್ತು: ಒಂದು ತಿಂಗಳು, ಹತ್ತೂವರೆಯಿಂದ ಆರೂವರೆ, ಆದರೆ ಟ್ಯಾಪಿಂಗ್ ಇಲ್ಲದ ದಿನವೂ ಅದೇ ಸಮಯ, ದಿನಕ್ಕೊಂದು ಸಮಯ ಬರೆಯಲು ಮೆಷಿನಿಗೆ ಆಗುವುದಿಲ್ಲ. ದಿನ ಬಿಟ್ಟು ದಿನ ಬೇಗ ಮನೆ ಸೇರುವ ಸುಖ ಹೋಯಿತು. ನ್ಯಾಯವಲ್ಲ ಎಂದು ಈಗಲೂ ವಾದಿಸಬಲ್ಲೆ. ಆದರೂ "ಒಪ್ಪಿದೆ" ಎಂದು ಬರೆದು, ಅದರಡಿಯಲ್ಲೇ ಸೇರಿಸಿದೆ: "ತಿಂಗಳ ಕೊನೆಗೆ ಈ ಷರತ್ತಿನ ಬಗ್ಗೆ ಇನ್ನೊಂದು ಮೇಲ್ ಬರೆಯುತ್ತೇನೆ."