ಸುಮನಕ್ಕನ ಬುಕ್ಕಿನ ಐದು ಹಿಂದಿ

ಹಾರೋಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಸುಮನಾಳ ಮನೆ ಎಲ್ಲಿ ಅಂತ ಯಾರನ್ನಾದರೂ ಕೇಳಿ, ಮನೆ ತೋರಿಸುವುದಿಲ್ಲ. "ಈಗ ತಾನೇ ಆ ಕಡೆ ಹೋದ್ರು ನೋಡಿ" ಅಂತ ರಸ್ತೆ ತೋರಿಸುತ್ತಾರೆ. ಹುಟ್ಟಿದ್ದು ದೊಡ್ಡಆಲಹಳ್ಳಿಯ ಬೇಸಾಯಗಾರರ ಮನೆಯಲ್ಲಿ. ಮದುವೆಯಾಗಿ ಇಲ್ಲಿಗೆ ಬಂದು, ಹನ್ನೆರಡು ವರ್ಷದಿಂದ ಗುಲಾಬಿ ಸೀರೆ ಉಟ್ಟು ಬಸುರಿಯರ ಮನೆ ಬಾಗಿಲು ತಟ್ಟುತ್ತಿದ್ದಾಳೆ. ಹೆಗಲ ಚೀಲದಲ್ಲಿ ಕಬ್ಬಿಣದ ಮಾತ್ರೆ, ತಾಯಿ ಕಾರ್ಡುಗಳು, ಮತ್ತೆ ಉದ್ದನೆಯ ಒಂದು ಬುಕ್ಕು. ಸರ್ಕಾರಿ ಲೆಕ್ಕ ಎಷ್ಟಿದ್ದರೂ ಅವಳು ನಂಬುವುದು ಈ ಬುಕ್ಕನ್ನೇ. ಹೆಸರು, ಗಂಡನ ಹೆಸರು, ಊರು, ಮಾತು, ತಿಂಗಳು ಅಂತ ಗೆರೆ ಎಳೆದು ತಾನೇ ಮಾಡಿಕೊಂಡ ಬುಕ್ಕು.

ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಬುಕ್ಕಿಗೆ ದೂರದ ಬಸುರಿಯರು ಬರತೊಡಗಿದರು. ಈ ಸಲ ಐದು ಜನ. ಐವರ ಹೆಸರಿನ ಮುಂದೆಯೂ 'ಮಾತು' ಎಂಬ ಮನೆಯಲ್ಲಿ ಸುಮನಾ ಒಂದೇ ಪದ ಬರೆದಿದ್ದಳು: ಹಿಂದಿ. ಅವಳೊಬ್ಬಳ ತಪ್ಪಲ್ಲ ಅದು. ರೈಲಿನಲ್ಲಿ ಎರಡು ರಾತ್ರಿ ಕಳೆದು ಬಂದವರೆಲ್ಲ ಹಾರೋಹಳ್ಳಿಗೆ ಹಿಂದಿಯವರೇ.

ಹಿಂದಿನ ವಾರ ಆ ಐವರನ್ನೂ ಅಂಗನವಾಡಿಯಲ್ಲಿ ಕೂರಿಸಿ, ಅರ್ಧ ಬಾಯಲ್ಲಿ ಅರ್ಧ ಕೈಯಲ್ಲಿ ತಿಳಿಸಿ ಹೇಳಿದ್ದಳು. ಕೈಕಾಲು ಊದಿದರೆ, ನೀರು ಹೋದರೆ, ಹೊಟ್ಟೆಯಲ್ಲಿ ಮಗು ಆಡುವುದು ನಿಂತರೆ ತಡ ಮಾಡಬೇಡಿ. ಫೋನಿನಲ್ಲಿ ಮಾತಾಡಲು ಬಾರದಿದ್ದರೆ ಮೆಸೇಜು ಹಾಕಿ, ನಿಮಗೆ ಬರುವ ಭಾಷೆಯಲ್ಲೇ ಹಾಕಿ. ಓದಿಸಿಕೊಳ್ಳುವುದು ನನ್ನ ಪಾಡು.

ಆ ಮಾತು ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ತಿರುಗಿ ಬಂತು. ಗೊತ್ತಿಲ್ಲದ ನಂಬರಿನಿಂದ ವಾಟ್ಸಾಪಿನಲ್ಲಿ ನಾಲ್ಕು ಸಾಲು. ಹೆಸರಿಲ್ಲ, ನಮಸ್ಕಾರವಿಲ್ಲ, ಫೋಟೋ ಇಲ್ಲ. ಎಲ್ಲಿಂದಲೋ ಎತ್ತಿ ತಂದು ಅಂಟಿಸಿದ ಹಾಗಿತ್ತು. ಅಂಥ ಅಕ್ಷರಗಳನ್ನು ಸುಮನಾ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಫೋನು ಮಾಡಿದಳು, ಸ್ವಿಚ್ ಆಫ್. ಇನ್ನೊಮ್ಮೆ ಮಾಡಿದಳು, ಅದೇ.

ಐವರಲ್ಲಿ ಒಬ್ಬಳು ಕರೆಯುತ್ತಿರಬಹುದು. ಯಾರು? ಬುಕ್ಕಿನಲ್ಲಿ ಫೋನ್ ನಂಬರಿಗೆ ಅಂತ ಮನೆಯೇ ಇರಲಿಲ್ಲ. ಒಬ್ಬಳ ರೂಮು ಬಸ್ ನಿಲ್ದಾಣದ ಹಿಂದೆ, ಒಬ್ಬಳದು ಕೆರೆಯ ಆಚೆ, ಮೂವರು ಕಾರ್ಖಾನೆಗಳ ಮೂರು ದಿಕ್ಕಿಗೆ. ಎಲ್ಲರ ಬಾಗಿಲಿಗೂ ನಡೆದು ಹೋಗುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಮಗು ಆಡುವುದು ನಿಂತಿದ್ದರೆ ಮಧ್ಯಾಹ್ನದವರೆಗೆ ಕಾಯುವ ಹಾಗಿಲ್ಲ.

ಬಸ್ ನಿಲ್ದಾಣದ ಎದುರು ಇದ್ರೀಸನ ಮೊಬೈಲ್ ಅಂಗಡಿ. ಕಾರ್ಖಾನೆಯವರ ಫೋನುಗಳಿಗೆ ಅವರವರ ಭಾಷೆಯ ಕೀಬೋರ್ಡ್ ಹಾಕಿಕೊಡುವವನು ಅವನೇ. ಅವನಿನ್ನೂ ಶಟರ್ ಎತ್ತುತ್ತಿದ್ದ.

"ಇದ್ರೀಸಾ, ಇದ್ನ ಒಸಿ ಓದ್ಲಾ. ನಿಂಗೆ ಹಿಂದಿ ಬತ್ತದಲ್ಲ."

ಇದ್ರೀಸ್ ನೋಡಿ ನಕ್ಕ. "ಅಕ್ಕಾ, ಇದು ಹಿಂದಿ ಅಂತ ಯಾರ್ ಹೇಳಿದ್ದು ನಿಮ್ಗೆ?"

"ಬಂದಿರೋರೆಲ್ಲ ಹಿಂದಿಯೋರೇ ಕಣ್ಲಾ."

"ಹಂಗಾರೆ ನಾನೂ ದುಬೈ ಶೇಖು! ಹಿಂದಿ ಆಗಿದ್ರೆ ಅಕ್ಷರದ ತಲೆ ಮ್ಯಾಲೆ ಗೆರೆ ಇರ್ಬೇಕು. ಬೆಂಗಾಲಿಗೂ ಗೆರೆ ಐತೆ. ಇದಕ್ಕೆ ಎಲ್ಲೈತೆ?"

"ಒಡಿಯಾ ಇರ್ಬೋದು. ಅದು ಗುಂಡಗಿರ್ತದಂತೆ."

"ಒಡಿಯಾಗೂ ನಮ್ ಕನ್ನಡದಂಗೆ ಕೊಂಬು, ದೀರ್ಘ, ಒತ್ತು ಎಲ್ಲಾ ಇರ್ತದೆ. ಇದ್ರಲ್ಲಿ ಒಂದಕ್ಕೊಂದು ತಗುಲ್ಕೊಂಡೇ ಇಲ್ಲ, ನೋಡಿ. ಇಂಗ್ಲಿಷ್‌ನಂಗೆ ಬಿಡಿ ಬಿಡಿ. ಅಲ್ಲೊಂದು ಇಲ್ಲೊಂದು ಚುಕ್ಕಿ ಅಷ್ಟೇಯ."

ಸುಮನಾ ಅವಸರಪಟ್ಟಳು. "ಯಾವ್ದಾರಾ ಆಗ್ಲಿ, ಫೋನೇ ಅರ್ಥ ಹೇಳ್ತದಂತಲ್ಲ, ಹಾಕ್ಲಾ."

ಅವನು ನಾಲ್ಕೂ ಸಾಲನ್ನು ಅನುವಾದದ ಆ್ಯಪಿಗೆ ಹಾಕಿದ. ಭಾಷೆ ಅದೇ ಕಂಡುಹಿಡಿಯಲಿ ಅಂತ ಬಿಟ್ಟ. ಆ್ಯಪು ಸ್ವಲ್ಪ ಹೊತ್ತು ತಿರುಗಿ, ಕೊಟ್ಟ ಅಕ್ಷರಗಳನ್ನೇ ವಾಪಸು ಕೊಟ್ಟಿತು.

"ಬುಡು, ಫಾರ್ವರ್ಡ್ ಮೆಸೇಜಿರ್ಬೋದು" ಎಂದ ಪಕ್ಕದಲ್ಲಿ ರೀಚಾರ್ಜಿಗೆ ಕಾದಿದ್ದ ಗಂಗಹನುಮಯ್ಯ. "ನಂಗೂ ದಿನಾ ಬತ್ತದೆ, ಹೂವಿನ್ ಚಿತ್ರ ಹಾಕ್ಕಂಡು."

"ಇದ್ರಲ್ಲಿ ಹೂವಿಲ್ಲ ಕಣಣ್ಣ" ಎಂದಳು ಸುಮನಾ.

ಇದ್ರೀಸ್ ಸ್ಟೂಲಿನ ಮೇಲೆ ಕುಳಿತ. "ಅರ್ಥ ಆಮ್ಯಾಕೆ ನೋಡಾಣ. ಮೊದ್ಲು ಇದು ಯಾವ ಮಾತು ಅಂತ ತಿಳೀಲಿ." ನಾಲ್ಕು ಸಾಲನ್ನು ಬಿಟ್ಟು ಒಂದೇ ಒಂದು ಅಕ್ಷರವನ್ನು ಕಾಪಿ ಮಾಡಿ ಹುಡುಕುವ ಕಡೆ ಅಂಟಿಸಿದ. ಕಂಪ್ಯೂಟರಿನ ಲೆಕ್ಕದಲ್ಲಿ ಜಗತ್ತಿನ ಒಂದೊಂದು ಅಕ್ಷರಕ್ಕೂ ಒಂದು ನಂಬರು, ಒಂದು ಹೆಸರು ಇರುತ್ತದೆ. ಸಾಲು ಯಾವ ಭಾಷೆಯೆಂದು ಹೇಳಲಾರದ ಯಂತ್ರ ಒಂಟಿ ಅಕ್ಷರದ ಮನೆತನವನ್ನು ಹೇಳಿಬಿಡುತ್ತದೆ. ಹೇಳಿತು. ಅನುಮಾನಕ್ಕೆ ಇನ್ನೊಂದು ಅಕ್ಷರ ಹಾಕಿದ. ಅದೂ ಅದೇ ಮನೆತನ.

"ಓಲ್ ಚಿಕಿ ಅಂತೆ, ಅಕ್ಷರದ ಹೆಸ್ರು."

"ಅದೇ ಮಾತೂನಾ?"

"ತಡೀರಿ. ಅಕ್ಷರ ಬೇರೆ, ಮಾತು ಬೇರೆ. ಹಿಂದಿ, ಮರಾಠಿ, ನೇಪಾಳಿ ಎಲ್ಲಾ ಒಂದೇ ಅಕ್ಷರದಾಗೆ ಬರೀತಾರೆ." ಅವನು ಕೆಳಗೆ ಓದುತ್ತ ಹೋದ. "ಇದನ್ನ ಹೆಚ್ಚೂಕಮ್ಮಿ ಒಂದೇ ಮಾತಿಗೆ ಬಳಸೋದಂತೆ. ಜಾರ್ಖಂಡ್, ಒಡಿಶಾ, ಬಂಗಾಳದ ಕಡೆ. ಸಂತಾಲಿ."

"ಏನಂದೆ?"

"ಸಂತಾಲಿ."

ಸುಮನಾ ಚೀಲದಿಂದ ಬುಕ್ಕು ಎಳೆದಳು. ಆ ಪದವನ್ನು ಅವಳು ಕೇಳಿದ್ದಳು, ಬರೆದೂ ಇದ್ದಳು. ಹಾಳೆ ತಿರುಗಿಸಿ ಬೆರಳಿಟ್ಟಳು. ಹೆಸರು: ಮುನ್ನೀ. ಮಾತು: ಹಿಂದಿ. ಊರು: ಸಂತಾಲಿ. ತಿಂಗಳು: ಎಂಟು.

ನಾಲ್ಕು ತಿಂಗಳ ಹಿಂದೆ, "ನಿಮ್ದು ಯಾವ್ದು?" ಎಂದು ಕೇಳಿದ್ದಕ್ಕೆ ಆ ಹುಡುಗಿ ಮೆಲ್ಲಗೆ "ಸಂತಾಲಿ" ಅಂದಿದ್ದಳು. ಊರು ಕೇಳಿದ ಸುಮನಾ ಅದನ್ನು ಊರಿನ ಮನೆಗೆ ಬರೆದು, "ಭಾಷೆ ಹಿಂದಿ ತಾನೇ?" ಅಂದಿದ್ದಳು. ಹುಡುಗಿ ತಲೆಯಾಡಿಸಿದ್ದಳು.

"ನರಸಯ್ಯನ ಶೀಟ್ ಮನೆ, ಕೆರೆ ಆಚೆ" ಎನ್ನುತ್ತ ಸುಮನಾ ಆಗಲೇ ಮೆಟ್ಟಿಲಿಳಿದಿದ್ದಳು. ಇದ್ರೀಸ್ ಅರ್ಧ ಎತ್ತಿದ್ದ ಶಟರನ್ನು ಇಳಿಸಿ ಸ್ಕೂಟರ್ ತೆಗೆದ. ಹಿಂದೆ ಕುಳಿತು ಅವಳು ನೂರೆಂಟಕ್ಕೆ ಫೋನು ಮಾಡಿದಳು.

ಮುನ್ನೀ ಬಾಗಿಲಿಗೆ ಒರಗಿ ಕುಳಿತಿದ್ದಳು. ಸುಮನಾಳನ್ನು ಕಂಡದ್ದೇ ಹೊಟ್ಟೆಯ ಮೇಲೆ ಕೈಯಿಟ್ಟು, ತನಗೆ ಬರುತ್ತಿದ್ದ ಅಷ್ಟಿಷ್ಟು ಹಿಂದಿಯಲ್ಲಿ ಹೇಳಿದಳು: "ರಾತ್ ಸೇ ಹಿಲ್ತಾ ನಹೀಂ." ರಾತ್ರಿಯಿಂದ ಮಗು ಅಲುಗಾಡುತ್ತಿಲ್ಲ.

ಮೆಸೇಜಿನ ಕಥೆ ಆಂಬುಲೆನ್ಸ್ ಬರುವಷ್ಟರಲ್ಲಿ ತಿಳಿಯಿತು. ಸುಮನಾಳ ನಂಬರಿದ್ದ ಚೀಟಿ ಕಾರ್ಖಾನೆಗೆ ಹೋಗುವ ನಾದಿನಿಯ ಹತ್ತಿರವಿತ್ತು. ಮುನ್ನೀ ತನ್ನ ಶಾಲೆಯಲ್ಲಿ ಕಲಿತ ಅಕ್ಷರದಲ್ಲೇ ನಾದಿನಿಗೆ ಬರೆದಳು. ನಾದಿನಿ ಕಾರ್ಖಾನೆಯ ಗೇಟಿನಲ್ಲಿ ಅದನ್ನು ಹಾಗೇ ಎತ್ತಿ ಸುಮನಾಳಿಗೆ ಅಂಟಿಸಿ, ಫೋನು ಆಫ್ ಮಾಡಿ ಗೇಟಿನವನಿಗೆ ಒಪ್ಪಿಸಿ ಪಾಳಿಗೆ ಹೋದಳು. ಏನಾದರೂ ಸೇರಿಸಿ ಬರೆಯಲು ಸೈರನ್ ಬಿಡಲಿಲ್ಲ.

ಕನಕಪುರದ ಆಸ್ಪತ್ರೆಯಲ್ಲಿ ನರ್ಸು ಹೊಟ್ಟೆಯ ಮೇಲೆ ಯಂತ್ರ ಇಟ್ಟು ಹುಡುಕಿದಳು. ಬಡಿತ ಸಿಕ್ಕಿತು, ಆದರೆ ನಿಧಾನವಾಗಿತ್ತು. ಹನ್ನೊಂದಕ್ಕೆ ಆಪರೇಷನ್ ಮಾಡಿ ಹೆಣ್ಣುಮಗುವನ್ನು ತೆಗೆದರು. ಒಂದೂ ಮುಕ್ಕಾಲು ಕೆ.ಜಿ. ಹನ್ನೆರಡು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿದ್ದು, ಆಮೇಲೆ ಮನೆಗೆ ಬಂತು.

ಅದಾದ ಮೇಲೆ ಸುಮನಾ ಉಳಿದ ನಾಲ್ವರ ಬಾಗಿಲಿಗೂ ಹೋಗಿ ಹೊಸದಾಗಿ ಕೇಳಿದಳು: ಮನೆಯಲ್ಲಿ ಅಮ್ಮನ ಹತ್ತಿರ ಏನು ಮಾತಾಡುತ್ತೀರಿ? ಒಬ್ಬಳು ಒಡಿಯಾ ಅಂದಳು, ಒಬ್ಬಳು ಅಸ್ಸಾಮಿ, ಒಬ್ಬಳು ಭೋಜಪುರಿ. ಕೊನೆಯವಳು ಹಿಂದಿ ಅಂದಾಗ ಸುಮನಾ ನಂಬದೆ ಎರಡು ಸಲ ಕೇಳಿದಳು.

ಮುನ್ನೀಯ ಹೆಸರಿನ ಮುಂದೆ ಮಾತಿನ ಮನೆಯಲ್ಲಿದ್ದ 'ಹಿಂದಿ'ಯನ್ನು ತಾನೇ 'ಸಂತಾಲಿ' ಎಂದು ತಿದ್ದಿ, ಅವಳ ಕೈಗೆ ಬುಕ್ಕನ್ನೇ ಕೊಟ್ಟಳು. ಮುನ್ನೀ ಊರಿನ ಮನೆಯಲ್ಲಿದ್ದ 'ಸಂತಾಲಿ'ಗೆ ಗೀಟು ಹೊಡೆದು, ಪಕ್ಕದಲ್ಲಿ ಬಿಡಿ ಬಿಡಿ ಅಕ್ಷರದಲ್ಲಿ ಏನೋ ಬರೆದಳು.

ತಿಂಗಳ ಕೊನೆಗೆ ಬುಕ್ಕು ನೋಡಿದ ಮೇಲ್ವಿಚಾರಕಿ ಅಲ್ಲಿಗೆ ಬಂದು ನಿಂತರು. "ಇದೇನ್ರೀ ಸುಮನಾ, ಏನೋ ಗೀಚಿದೀರ?"

"ಗೀಚಿಲ್ಲ ಮೇಡಂ. ಅದು ಅವ್ಳ ಊರು."

"ಯಾವೂರು?"

ಸುಮನಾ ಹೇಳಿದಳು. ಮುನ್ನೀ ಮೂರು ಸಲ ಹೇಳಿಕೊಟ್ಟು ಉರು ಹೊಡೆಸಿದ್ದಳು.