ಮೂರನೆಯ ಮನೆಯಲ್ಲಿ ನಾನು ಬರೆದ ಸಾಲು

ನಮ್ಮ ಕನ್ನಡ ಮೇಷ್ಟ್ರ ಬಲಗೈ ತೋರುಬೆರಳು ನಡುವೆ ಸೊಟ್ಟಗಿತ್ತು. ಅವರು ಒಬ್ಬರತ್ತ ಬೆರಳು ತೋರಿಸಿದರೆ ಪಕ್ಕದವರು ಎದ್ದು ನಿಲ್ಲುತ್ತಿದ್ದರು. "ನಿನ್ನಲ್ಲ ಕಣಮ್ಮ. ಹೋಗ್ಲಿ, ಎದ್ದಿದೀಯಲ್ಲ, ನೀನೇ ಹೇಳ್ಬಿಡು" ಎನ್ನುತ್ತಿದ್ದರು.

ಅರವತ್ತರ ದಶಕದ ಮೊದಲ ವರ್ಷಗಳು. ಶಿಡ್ಲಘಟ್ಟದ ಹತ್ತಿರದ ಮೇಲೂರಿನಲ್ಲಿ ನಾನು ಏಳನೆಯ ತರಗತಿಯಲ್ಲಿದ್ದೆ. ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿ ಶಾಲೆಗೆ ಓಡಿಬರುತ್ತಿದ್ದ ನಮ್ಮನ್ನು ನೋಡಿ ಮೇಷ್ಟ್ರು, "ಹುಳಕ್ಕೆ ಊಟ ಆಯ್ತಾ? ಈಗ ನಿಮಗೆ ಬಡಿಸ್ತೀನಿ" ಎಂದು ಪಾಠ ಶುರುಮಾಡುತ್ತಿದ್ದರು.

ಒಂದು ದಿನ ಆಮೆ ಮತ್ತು ಹಂಸಗಳ ಹಳೆಯ ಕಥೆ ಹೇಳಿದರು. ಅದೇ ಕಥೆಯನ್ನು ಈಚಿನವರೊಬ್ಬರು ಹೊಸದಾಗಿ ಬರೆದದ್ದನ್ನೂ ಓದಿದರು. ಆಮೇಲೆ ಹಲಗೆಯ ಮೇಲೆ ಎರಡು ಗೆರೆ ಎಳೆದು ಮೂರು ಮನೆ ಮಾಡಿದರು: ಉಳಿದದ್ದು, ಬದಲಾದದ್ದು, ಯಾಕೆ. ಮೂರನೆಯ ಮನೆ ಎಲ್ಲಕ್ಕಿಂತ ಅಗಲ.

"ಮೊದಲು ಉಳಿದಿದ್ದು ಹೇಳಿ. ಬದಲಾಗಿದ್ದು ಯಾರ ಕಣ್ಣಿಗಾದ್ರೂ ಬೀಳ್ತದೆ. ಉಳಿದಿದ್ದನ್ನ ಹುಡುಕ್ಬೇಕು."

ಬತ್ತುವ ಕೆರೆ, ಹಂಸಗಳು ಹಿಡಿದ ಕೋಲು, ಬಾಯಿ ಬಿಡಬಾರದೆಂಬ ಕರಾರು, ಕೊನೆಗೆ ಬೀಳುವುದು. ಇಷ್ಟೂ ಎರಡರಲ್ಲೂ ಇದ್ದವು. ಹಳೆಯದರಲ್ಲಿ ಕೆಳಗಿನ ಜನ ನೋಡಿ ನಗುತ್ತಾರೆ. ಆಮೆ ಸಿಟ್ಟಿನಿಂದ ಉತ್ತರ ಕೊಡಲು ಹೋಗಿ ಸಾಯುತ್ತದೆ. ಹೊಸದರಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ. ಕಣದಲ್ಲಿ ಜನ ಬೆನ್ನು ಹಾಕಿ ಕೆಲಸದಲ್ಲಿದ್ದಾರೆ, ಹಿಂದೆ ಬಣವೆಗೆ ಬೆಂಕಿ ತಗುಲಿದೆ. ಅದು ಆಮೆಗೆ ಮಾತ್ರ ಕಾಣುತ್ತದೆ. "ಬೆಂಕಿ!" ಎಂದು ಕೂಗಿ ಬೀಳುತ್ತದೆ.

ನನ್ನ ಪಕ್ಕದ ಹುಡುಗಿ ಎದ್ದಳು. "ಪಾಪ ಸಾರ್, ಹೊಸ ಕಥೇಲಾದ್ರೂ ಅದನ್ನ ಉಳಿಸ್ಬೋದಿತ್ತು. ಕೆರೆಗೆ ಬೀಳಿಸಿದ್ರೆ ಆಗ್ತಿತ್ತು."

"ನೀರಿಗೆ ಬಿದ್ದು ಈಜ್ಕೊಂಡು ಹೋದ್ರೆ, ಕೂಗಿದ್ದಕ್ಕೆ ಅದು ಕಳ್ಕೊಂಡಿದ್ದೇನಮ್ಮ? ಅದಕ್ಕೇ ಬೀಳೋದನ್ನ ಹಂಗೇ ಇಟ್ಟಿದಾರೆ. ಹಳೇದರಲ್ಲಿ ಅದು ಶಿಕ್ಷೆ. ಹೊಸದರಲ್ಲಿ?"

"ತ್ಯಾಗ ಸಾರ್."

"ಬಿದ್ದಿದ್ದು ಒಂದೇ, ಅರ್ಥ ಬೇರೆ ಆಯ್ತು. ಎಲ್ಲಿ ತಿರುಗ್ತು?"

"ಬಾಯಿ ಬಿಟ್ಟ ಕಾರಣದಲ್ಲಿ" ಎಂದೆ ನಾನು. ಅವರ ಮುಖ ಅರಳಿತು.

ಮೂರನೆಯ ಮನೆಯನ್ನು ಅವರು ತುಂಬಲಿಲ್ಲ. "ಅದು ನಿಮ್ಮದು. ಹಳೇ ಕಥೆ ಹೇಳಿದೋರು ಯಾರು, ಕೇಳಿದೋರು ಯಾರು? ಈಗ ಯಾರು? ಯೋಚನೆ ಮಾಡಿ ಬರ್ಕೊಂಡು ಬನ್ನಿ" ಎಂದರು. ಆಗ ರಾಜರಿದ್ದರು, ಈಗ ಓಟಿದೆ ಎಂದು ಒಬ್ಬ ಬರೆದ. ನಾನು ಬರೆದದ್ದು ಇದು: "ದೊಡ್ಡವರು ತಮ್ಮ ತಪ್ಪು ಹೊರಗೆ ಬರಬಾರದೆಂದು ಸುಮ್ಮನಿರುವುದನ್ನೇ ನೀತಿ ಮಾಡಿದರು."

ಮೇಷ್ಟ್ರು ಅದನ್ನು ನೋಡುವ ಮೊದಲೇ ಸ್ಕೂಲ್ ಇನ್‌ಸ್ಪೆಕ್ಟರು ತನಿಖೆಗೆ ಬಂದರು. ಮುಂದಿನ ಸಾಲಿನಲ್ಲಿದ್ದ ನನ್ನ ಪುಸ್ತಕವೇ ಅವರ ಕೈಗೆ ಸಿಕ್ಕಿತು. ಓದಿದವರ ಕಿವಿ ಕೆಂಪಾಯಿತು.

"ಇದನ್ನ ಮೇಷ್ಟ್ರು ಬರೆಸಿದ್ದಾ, ನಿನ್ನದೇ ತಲೆಹರಟೆನಾ? ನಿನ್ನದಾದ್ರೆ ಈಗಲೇ ನಿಮ್ಮಪ್ಪನ್ನ ಕರೆಸ್ತೀನಿ."

ಏಳನೆಯದಕ್ಕೆ ನನ್ನ ಓದು ಸಾಕೆಂದು ಅಪ್ಪ ಆಗಲೇ ಅನ್ನುತ್ತಿದ್ದರು. ಮುಂದಕ್ಕೆ ಕಳಿಸಿ ಎಂದು ಮೇಷ್ಟ್ರೇ ಎರಡು ಸಲ ಮನೆಗೆ ಬಂದು ಹೇಳಿದ್ದರು. ನಾನು ನೆಲ ನೋಡುತ್ತ ನಿಂತೆ. ಮೇಷ್ಟ್ರು ಪುಸ್ತಕ ಇಸಕೊಂಡು ಆ ಸಾಲನ್ನು ನಿಧಾನವಾಗಿ ಓದಿದರು. ಓದಿ, "ನಾನೇ ಬರೆಸಿದ್ದು ಸಾರ್" ಎಂದರು.

ತಿಂಗಳೊಳಗೆ ಅವರಿಗೆ ಗೌರಿಬಿದನೂರಿನ ಆಚೆಯ ಹಳ್ಳಿಗೆ ವರ್ಗವಾಯಿತು. ಅವರ ಅತ್ತೆ ಮೇಲೂರಿನಲ್ಲೇ ಹಾಸಿಗೆ ಹಿಡಿದಿದ್ದರಿಂದ ಹೆಂಡತಿ ಇಲ್ಲೇ ಉಳಿದರು. ಮೇಷ್ಟ್ರು ಅಲ್ಲಿ ಒಂದು ಕೋಣೆಯಲ್ಲಿ ತಾವೇ ಬೇಯಿಸಿಕೊಂಡು, ಶನಿವಾರ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ಮತ್ತೆ ಇತ್ತ ವರ್ಗ ಸಿಗಲೇ ಇಲ್ಲ. ನಾನು ಮುಂದೆ ಓದಿದೆ, ಚಿಂತಾಮಣಿಯ ಕಡೆ ಟೀಚರಾದೆ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದರು. ತುಂಬಾ ಇಳಿದುಹೋಗಿದ್ದರು.

"ನಿನ್ನ ಮಕ್ಕಳು ಸ್ವಂತವಾಗಿ ಬರೀತಾರೇನಮ್ಮ?"

"ಬರೀತಾರೆ ಸಾರ್."

"ಬರೀಲಿ. ಆಮೇಲೆ, ಇದೊಂದೇ ಕಾರಣಾನಾ ಅಂತ ಕೇಳು. ನಿನ್ನ ಕೇಳಕ್ಕೆ ನನಗೆ ಆಗಲಿಲ್ಲ."

ಆಗ ಹೇಳಬಹುದಿತ್ತು. ತಪ್ಪಾಯಿತು ಎಂಬ ಒಂದು ಮಾತು. ಬಸ್ಸು ಬಂತು, ಚೀಲ ಎತ್ತಿಕೊಟ್ಟೆ, ಅಷ್ಟೆ.

ಮರುವರ್ಷ ಅವರು ಆ ಕೋಣೆಯಲ್ಲೇ ತೀರಿಕೊಂಡರೆಂದು ತಿಳಿಯಿತು. ಮೇಲೂರಿಗೆ ಹೋಗಿ ಅವರ ಹೆಂಡತಿಯ ಮುಂದೆ ಕೂತು ಎಲ್ಲವನ್ನೂ ಹೇಳಿದೆ.

"ಅದು ನೀನು ಬರೆದಿದ್ದಾ?"

"ಹೌದಮ್ಮ."

"'ನಿಮಗ್ಯಾಕೆ ಬೇಕಿತ್ತು ಆ ಸಾಲು ಬರೆಸೋದು, ನೆಟ್ಟಗೆ ಒಂದೇ ಮನೇಲಿರ್ತಿದ್ವಿ' ಅಂತ ಅವರು ಬಂದಾಗೆಲ್ಲ ಆಡಿದೀನಲ್ಲೇ. ಒಂದು ದಿನ, ಒಂದೇ ಒಂದು ದಿನ, 'ನಾನು ಬರೆಸ್ಲಿಲ್ಲ ಕಣೇ' ಅನ್ನಲಿಲ್ಲ ಆ ಮನುಷ್ಯ."

ಕಾಫಿ ತರುತ್ತೇನೆಂದು ಎದ್ದವರು ಅಡುಗೆಮನೆಯ ಬಾಗಿಲಲ್ಲೇ ನನಗೆ ಬೆನ್ನು ಮಾಡಿ ನಿಂತುಬಿಟ್ಟರು.