ಕನ್ಸಲ್ಟೆಂಟ್ ಅಂತ ಬರೆದರೆ ಆಯಿತೇ?

ನಮ್ಮ ಸೊಸೆಗೆ ಆಗ ಐದನೇ ತಿಂಗಳು. ಮಹದೇವಪುರದ ಒಂದು ಕಂಪನಿಗೆ ತರಬೇತಿ ಪಾಠಗಳನ್ನು ಬರೆದುಕೊಡುವುದು ಅವಳ ಕೆಲಸ. ಹೆರಿಗೆ ರಜೆ ಕೇಳಿದ್ದೇ ತಡ, ಎಚ್‌ಆರ್‌ನವರು ಹೊಸ ಅಗ್ರಿಮೆಂಟ್ ಕಳಿಸಿದರು. ತಾನು ಸ್ವತಂತ್ರ ಕನ್ಸಲ್ಟೆಂಟ್, ಮೊದಲಿನಿಂದಲೂ ಹಾಗೆಯೇ ಇದ್ದೆ, ಉದ್ಯೋಗಿ ಅಲ್ಲವೇ ಅಲ್ಲ ಎಂದು ಅವಳು ಒಪ್ಪಿ ಸಹಿ ಹಾಕಬೇಕಂತೆ. ಹಾಕಿದರೆ ರಜೆಯೂ ಇಲ್ಲ, ಬಾಣಂತನ ಮುಗಿಸಿ ಹೋದಾಗ ಕೆಲಸ ಇರುತ್ತದೆಂಬ ಮಾತೂ ಇಲ್ಲ.

"ಸೇರುವಾಗಲೂ ಹೀಗೇ ಇತ್ತು ಅತ್ತೆ. ಬರೀ ಫಾರ್ಮ್ಯಾಟ್ ಅಂದ್ರು, ಸೈನ್ ಮಾಡ್ಬಿಟ್ಟೆ," ಎಂದು ಅವಳು ಮುಖ ಸಣ್ಣ ಮಾಡಿಕೊಂಡಳು.

ನಾನು ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಇಂಗ್ಲಿಷ್ ಕಲಿತವಳು. ಬಟಾಣಿ ಬಿಡಿಸುತ್ತಾ ಆ ಅಗ್ರಿಮೆಂಟನ್ನು ಪೂರ್ತಿ ಓದಿದೆ. ಆ ಕಾಗದದೊಳಗಿನ ಹೆಂಗಸಿನ ಪರಿಚಯವೇ ನನಗಿರಲಿಲ್ಲ. ಅವಳು ತನಗೆ ತೋಚಿದ ಹೊತ್ತಿಗೆ ಕೆಲಸ ಮಾಡುತ್ತಾಳೆ, ತನ್ನದೇ ಸಲಕರಣೆ ತರುತ್ತಾಳೆ, ಬೇಕಾದ ಕಂಪನಿಗೆಲ್ಲ ದುಡಿಯುತ್ತಾಳೆ, ತನಗೆ ಆಗದಿದ್ದರೆ ಬೇರೆಯವರನ್ನು ಕಳಿಸುತ್ತಾಳೆ. ನಮ್ಮನೆಯ ಹುಡುಗಿಯೋ, ಕ್ಯಾಬ್ ತಪ್ಪಿದರೆ ಟೀಮ್ ಲೀಡ್ ಏನನ್ನುತ್ತಾನೋ ಎಂದು ಅರ್ಧ ದೋಸೆ ತಟ್ಟೆಯಲ್ಲೇ ಬಿಟ್ಟು ಓಡುವವಳು.

ನನ್ನ ಸ್ಕೂಲಿನ ಗೆಳತಿಯೊಬ್ಬಳು ವಕೀಲೆ. ಶಿವಾಜಿನಗರದಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಮೆಟ್ಟಿಲಿಗೆಲ್ಲ ಬೆಣ್ಣೆ ಬಿಸ್ಕತ್ತಿನ ವಾಸನೆ. ಸೊಸೆಯನ್ನು ಅಲ್ಲಿಗೆ ಕರೆದುಕೊಂಡು ಹೋದೆ.

"ಲ್ಯಾಪ್‌ಟಾಪ್ ಯಾರ್ದಮ್ಮಾ?" ಗೆಳತಿ ಕೇಳಿದಳು.

"ಕಂಪನೀದು."

"ಬೇರೆ ಕಡೆ ಕೆಲಸ ಮಾಡ್ಬಹುದಾ?"

"ಒಂದ್ಸಲ ಕೇಳಿದ್ದೆ. ಬೇಡ ಅಂದ್ರು."

"ರಜೆ?"

"ಲೀಡ್ ಅಪ್ರೂವ್ ಮಾಡ್ಬೇಕು."

"ನನ್ನ ಮಗಳ ಸೀಮಂತಕ್ಕೇ ಇವಳನ್ನ ಬಿಡ್ಲಿಲ್ಲ ಕಣೇ," ಎಂದೆ ನಾನು. "ಬಳೆ ತೊಡಿಸೋ ಹೊತ್ತಿಗೆ ಇವಳು ಆಫೀಸಲ್ಲಿ."

"ಅರೆ, ಕತ್ತೆ ಕುತ್ತಿಗೆಗೆ ಕುದುರೆ ಅಂತ ಬೋರ್ಡ್ ಹಾಕಿದ್ರೆ ರೇಸ್ ಓಡತ್ತಾ?" ಎಂದಳು ಗೆಳತಿ. ಸೊಸೆ ಆ ದಿನ ಮೊದಲ ಸಲ ನಕ್ಕಳು. "ಕಾಗದದಲ್ಲಿ ಬರ್ದಿರೋದನ್ನೂ ಕೋರ್ಟು ನೋಡತ್ತೆ, ಇಲ್ಲ ಅನ್ನಲ್ಲ. ಆದ್ರೆ ಅದೊಂದನ್ನೇ ನೋಡಲ್ಲ. ಯಾರ ಮಾತಿನಂತೆ ಕೆಲಸ ನಡೀತಿದೆ, ಸಾಮಾನು ಯಾರ್ದು, ನಷ್ಟ ಆದ್ರೆ ಯಾರಿಗೆ, ನೀನು ಅವರಲ್ಲೊಬ್ಬಳೋ ಹೊರಗಿನವಳೋ, ಎಲ್ಲಾ ಸೇರಿಸಿ ತೂಗತ್ತೆ. ಟ್ಯಾಕ್ಸ್ ಹೇಗೆ ಕಟ್ತಿದ್ದೀಯಾ? ಕನ್ಸಲ್ಟೆಂಟ್ ಫೀಸ್ ಅಂತಾನಾ?"

"ಹೂಂ ಆಂಟಿ."

"ಅದನ್ನ ಅವರು ಎತ್ತಿ ಆಡ್ತಾರೆ. ಗೆದ್ದೇ ಗೆಲ್ತೀವಿ ಅಂತ ನಾನು ಬರ್ಕೊಡಲ್ಲ. ಆದ್ರೆ ಈ ಹೊಸದಕ್ಕೆ ಸೈನ್ ಹಾಕ್ಬೇಡ. ನಿನ್ನ ವಿರುದ್ಧ ನಿನ್ನ ಕೈಯಿಂದಲೇ ಸಾಕ್ಷಿ ಕೊಟ್ಟ ಹಾಗಾಗತ್ತೆ."

ಮರುದಿನ ಎಚ್‌ಆರ್ ಹುಡುಗಿಯ ಫೋನು ಬಂತು. ಸೊಸೆ ಸ್ಪೀಕರ್ ಹಾಕಿ ಊಟದ ಮೇಜಿನ ಮೇಲಿಟ್ಟಳು.

"ಇನ್ನೂ ಸೈನ್ ಮಾಡಿಲ್ವಲ್ಲಾ ಮೇಡಂ? ನೀವು ಇಂಡಿಪೆಂಡೆಂಟ್. ನಿಮಗೆ ಯಾರೂ ಬಾಸ್ ಇಲ್ಲ. ರಜೆ ಕೊಡೋಕೆ ನಾವ್ಯಾರು ಹೇಳಿ?"

ಮಾತು ಜೇನಿನಂತಿತ್ತು. ಸೊಸೆಯ ಕೈ ಮೇಜುಬಟ್ಟೆಯ ಅಂಚನ್ನು ಸುತ್ತುತ್ತಿತ್ತು. ನಾನು ಅಗ್ರಿಮೆಂಟಿನಲ್ಲಿ ಬದಲಿಯವರನ್ನು ಕಳಿಸಬಹುದೆಂಬ ಸಾಲು ಹುಡುಕಿ, ಅದರ ಮೇಲೆ ಬೆರಳಿಟ್ಟು ಅವಳತ್ತ ತಿರುಗಿಸಿದೆ. ಓದಿದಳು. ಬೆನ್ನು ನೆಟ್ಟಗಾಯಿತು.

"ಸರಿ ಮೇಡಂ. ಹಾಗಾದ್ರೆ ಸೋಮವಾರದಿಂದ ನನ್ನ ಬದ್ಲು ನನ್ನ ಫ್ರೆಂಡ್ ಬರ್ತಾಳೆ. ಅವಳೂ ಇದೇ ಕೆಲಸ ಮಾಡೋದು. ಬಾಣಂತನ ಮುಗಿದ್ಮೇಲೆ ನಾನು ಬರ್ತೀನಿ."

"ಅಯ್ಯೋ, ಅದ್ಹೇಗಾಗತ್ತೆ? ಯಾರ್ಯಾರನ್ನೋ ಕಳ್ಸಕ್ಕಾಗಲ್ಲ! ಇಂಟರ್ವ್ಯೂ ಆಗ್ಬೇಕು, ಲೀಡ್ ಒಪ್ಬೇಕು. ನೀವೇ ಬರ್ಬೇಕು."

"ಕಳಿಸ್ಬಹುದು ಅಂತ ಅಗ್ರಿಮೆಂಟಲ್ಲೇ ಇದೆಯಲ್ಲಾ?"

"ಅದು ಬರೀ ಫಾರ್ಮ್ಯಾಟ್ ಮೇಡಂ!"

"ಹೌದಾ? ಕನ್ಸಲ್ಟೆಂಟ್ ಅನ್ನೋದೂ ಅದೇ ಫಾರ್ಮ್ಯಾಟಲ್ಲೇ ಇರೋದು."

ಕೇಳಿ ಹೇಳ್ತೀನಿ ಎಂದು ಆ ಹುಡುಗಿ ಫೋನಿಟ್ಟಳು. ಒಳಗೆ ಕುಕ್ಕರ್ ಕೂಗಿತು.

ಗೆಳತಿ ಈ ಮಾತನ್ನೂ ಸೇರಿಸಿ ಕಂಪನಿಗೆ ಒಂದು ಪತ್ರ ಬರೆದುಕೊಟ್ಟಳು. ಹೆಸರು ಏನೇ ಇರಲಿ, ನಡೆದಿರುವುದು ನೌಕರಿ; ಕಾನೂನಿನ ಪ್ರಕಾರ ಹೆರಿಗೆ ರಜೆ ಕೊಡಿ ಎಂದು. ಕೆಲವು ವಾರ ಉತ್ತರವೇ ಬರಲಿಲ್ಲ. ಸೊಸೆ ದಿನವೂ ಐಡಿ ಕಾರ್ಡ್ ಹಾಕಿಕೊಂಡೇ ಹೋಗಿಬಂದಳು. ಟ್ಯಾಗು ಈಗ ನೇರ ಇಳಿಬೀಳದೆ ಹೊಟ್ಟೆಯ ಮೇಲೆ ಕೂರುತ್ತಿತ್ತು.

ಕೊನೆಗೆ ಬಂದ ಉತ್ತರದಲ್ಲಿ ಪೂರ್ತಿ ರಜೆಯಿತ್ತು, ವಾಪಸ್ ಅದೇ ಕೆಲಸವೂ ಇತ್ತು. ಆದರೆ ಎಲ್ಲವೂ 'ಕಂಪನಿಯ ಔದಾರ್ಯದಿಂದ' ಅಂತೆ. ತಾನು ಕನ್ಸಲ್ಟೆಂಟ್ ಎಂದು ಒಪ್ಪಿ ಸಹಿ ಹಾಕಲು ಕೆಳಗೊಂದು ಗೆರೆ.

"ಸುಮ್ನೆ ಹಾಕ್ಬಿಡು, ರಜೆ ಸಿಕ್ತಲ್ಲ," ಎಂದ ನನ್ನ ಮಗ.

"ಹೊಟ್ಟೆ ಹೊತ್ತಿರೋದು ನೀನಾ?" ಎಂದೆ ನಾನು. ಅವನು ಪೇಪರಿನ ಹಿಂದೆ ಸರಿದ.

ಸೊಸೆ ಉತ್ತರ ಬರೆದಳು: ರಜೆಯನ್ನು ನನ್ನ ಹಕ್ಕೆಂದು ತೆಗೆದುಕೊಳ್ಳುತ್ತಿದ್ದೇನೆ, ಔದಾರ್ಯವೆಂದಲ್ಲ. ಸಹಿ ಹಾಕುವುದಿಲ್ಲ.

ಈಗ ಮೊಮ್ಮಗಳು ನನ್ನ ಮಡಿಲಲ್ಲಿ ನಿದ್ದೆ ಹೋಗಿದ್ದಾಳೆ. ಅವಳಮ್ಮ ಅದೇ ಆಫೀಸಿನಲ್ಲಿ, ಅದೇ ಕುರ್ಚಿಯಲ್ಲಿದ್ದಾಳೆ. ಆ ಗೆರೆ ಇವತ್ತಿಗೂ ಖಾಲಿ.